ಎರಡು ಕೈಯ ಬ್ಯಾಕ್‌ಹ್ಯಾಂಡಿನಲ್ಲಿ ಮುಂದಾಳು ಯಾವ ಕೈ?

ಟೆನಿಸ್ ಅಂಗಳದ ಬದಿಯಲ್ಲಿ ಕುಳಿತ ಪೋಷಕರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. "ನನ್ನ ಮಗಳು ಬಲಗೈಯವಳು. ಬ್ಯಾಕ್‌ಹ್ಯಾಂಡ್ ಹೊಡೆಯುವಾಗ ಎರಡೂ ಕೈ ಹಿಡಿಯುತ್ತಾಳೆ. ಹೊಡೆಯುವುದು ಯಾವ ಕೈ, ಬಲಗೈಯೋ ಎಡಗೈಯೋ?" ಬಲಗೈಯವರು ತಮ್ಮ ಎಡಬದಿಗೆ ಬಂದ ಚೆಂಡಿಗೆ ಹೊಡೆಯುವುದು ಬ್ಯಾಕ್‌ಹ್ಯಾಂಡ್, ಬಲಬದಿಗೆ ಬಂದದ್ದಕ್ಕೆ ಹೊಡೆಯುವುದು ಫೋರ್‌ಹ್ಯಾಂಡ್. ಎರಡೂ ಸಮ ಎಂದು ಹೇಳಿ ಮುಗಿಸಬಹುದು, ಬಹಳ ಕಾಲ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ ಹತ್ತು ವರ್ಷಗಳ ಹಿಂದೆ ಒಬ್ಬ ಆಟಗಾರನ ಮೈಮೇಲೆಯೇ ಈ ಪ್ರಶ್ನೆಗೆ ಉತ್ತರ ಬರೆದಂತಾಯಿತು. ಆ ಆಟಗಾರ ಅರ್ಜೆಂಟೀನಾದ ಹುವಾನ್ ಮಾರ್ಟಿನ್ ಡೆಲ್ ಪೊಟ್ರೊ.

ಡೆಲ್ ಪೊಟ್ರೊ ಬಲಗೈ ಆಟಗಾರ. 2009ರ ಅಮೆರಿಕನ್ ಓಪನ್ ಫೈನಲ್‌ನಲ್ಲಿ ರೋಜರ್ ಫೆಡರರ್ ಅವರನ್ನು ಸೋಲಿಸಿದವರು. ಅವರ ಫೋರ್‌ಹ್ಯಾಂಡ್ ಎಷ್ಟು ಪ್ರಸಿದ್ಧವೋ, ಎರಡು ಕೈಯ ಬ್ಯಾಕ್‌ಹ್ಯಾಂಡ್ ಕೂಡ ಅಷ್ಟೇ ಗಟ್ಟಿಯಾಗಿತ್ತು. ಆಮೇಲೆ ಅವರ ಎಡ ಮಣಿಕಟ್ಟು ಕೆಟ್ಟಿತು. 2014ರಲ್ಲಿ ಒಂದು, 2015ರಲ್ಲಿ ಎರಡು, ಹೀಗೆ ಮೂರು ಶಸ್ತ್ರಚಿಕಿತ್ಸೆಗಳಾದವು. 2016ರಲ್ಲಿ ಅಂಗಳಕ್ಕೆ ಮರಳಿದಾಗ ಅವರ ಬಲಗೈಯ ಫೋರ್‌ಹ್ಯಾಂಡ್ ಮೊದಲಿನಂತೆಯೇ ಗುಡುಗುತ್ತಿತ್ತು. ಬ್ಯಾಕ್‌ಹ್ಯಾಂಡ್ ಕಡೆಗೆ ಚೆಂಡು ಬಂದರೆ ಮಾತ್ರ ಹೆಚ್ಚಾಗಿ ಎಡಗೈಯನ್ನು ಬಿಟ್ಟು, ಬಲಗೈಯೊಂದರಿಂದ ಚೆಂಡಿನ ಅಡಿಯನ್ನು ಸವರಿ ಸ್ಲೈಸ್ ಮಾಡುತ್ತಿದ್ದರು. ಅದೇ ವರ್ಷದ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಮೊದಲ ಸುತ್ತಿನಲ್ಲೇ ನೊವಾಕ್ ಜೊಕೊವಿಚ್ ಅವರನ್ನು, ಸೆಮಿಫೈನಲ್‌ನಲ್ಲಿ ರಫೆಲ್ ನಡಾಲ್ ಅವರನ್ನು ಸೋಲಿಸಿ ಬೆಳ್ಳಿ ಪದಕ ಗೆದ್ದರು. ಆ ವಾರದುದ್ದಕ್ಕೂ ಎದುರಾಳಿಗಳು ಚೆಂಡನ್ನು ಮತ್ತೆ ಮತ್ತೆ ಕಳಿಸಿದ್ದು ಅವರ ಬ್ಯಾಕ್‌ಹ್ಯಾಂಡ್ ಕಡೆಗೇ.

ಇಲ್ಲಿ ಒಂದು ಕ್ಷಣ ಯೋಚಿಸಿ. ಎರಡು ಕೈಯ ಬ್ಯಾಕ್‌ಹ್ಯಾಂಡಿನಲ್ಲಿ ಬಲಗೈಯೇ ಹೊಡೆಯುವ ಕೈಯಾಗಿದ್ದು, ಎಡಗೈ ಬರಿಯ ಆಸರೆಯಾಗಿದ್ದಿದ್ದರೆ, ಆ ಎಡ ಮಣಿಕಟ್ಟಿಗೆ ಅಷ್ಟು ಪೆಟ್ಟು ಬೀಳುವ ಕಾರಣವಿರಲಿಲ್ಲ. ಅದು ಕೆಟ್ಟ ಮೇಲೂ ಹೊಡೆತ ಸ್ವಲ್ಪ ಸಡಿಲವಾಗುತ್ತಿತ್ತೇ ಹೊರತು ಮಾಯವಾಗುತ್ತಿರಲಿಲ್ಲ. ಬಹುಪಾಲು ಮಾಯವಾಯಿತು ಎಂದರೆ ಆ ಹೊಡೆತದ ಯಜಮಾನಿಕೆ ಎಡಗೈಯಲ್ಲಿತ್ತು ಎಂದೇ ಅರ್ಥ. ಮಣಿಕಟ್ಟು ಹಗುರಾದಂತೆ ಅವರ ಎರಡು ಕೈಯ ಹೊಡೆತವೂ ಮರಳಿತು. 2018ರಲ್ಲಿ ಅವರು ಮತ್ತೆ ಅಮೆರಿಕನ್ ಓಪನ್ ಫೈನಲ್ ತಲುಪಿದರು.

ಇಂದು ನಾನು ಹೇಳುವುದೆಲ್ಲ ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು. ಎಡಗೈಯವರು ಎಡ ಎಂದಲ್ಲಿ ಬಲ ಎಂದು ತಿರುಗಿಸಿಕೊಳ್ಳಬೇಕು. ಇನ್ನೊಂದು ಮಾತು: ಹಿಡಿಕೆಯ ತುದಿಯಲ್ಲಿರುವ ಬಲಗೈಯನ್ನು "ಬುಡದ ಕೈ" ಎಂದೂ, ಅದರ ಮೇಲೆ, ತಂತಿಗಳ ಕಡೆಗಿರುವ ಎಡಗೈಯನ್ನು "ಮೇಲಿನ ಕೈ" ಎಂದೂ ಕರೆಯುತ್ತೇನೆ. ಕ್ರಿಕೆಟ್‌ನಲ್ಲಿ ಬ್ಯಾಟು ಕೆಳಮುಖವಾಗಿರುವುದರಿಂದ ಈ ಹೆಸರುಗಳು ಅದಲುಬದಲಾಗುತ್ತವೆ. ಆ ಗೊಂದಲ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಒಂದು ಉದಾಹರಣೆಯನ್ನು ಮುಂದೆ ಹೇಳಲಿಕ್ಕಿದೆ.

ಮೊದಲು ಹಿಡಿತ. ಬುಡದ ಕೈ ಸುತ್ತಿಗೆ ಹಿಡಿದಂತೆ ಹಿಡಿಯಬೇಕು; ಇದಕ್ಕೆ ಕಾಂಟಿನೆಂಟಲ್ ಗ್ರಿಪ್ ಎನ್ನುತ್ತಾರೆ. ಮೇಲಿನ ಕೈಗಾಗಿ ಎಡ ಅಂಗೈಯನ್ನು ತಂತಿಗಳ ಮೇಲೆ ಚಪ್ಪಟೆಯಾಗಿಟ್ಟು, ಹಾಗೆಯೇ ಕೆಳಗೆ ಜಾರಿಸುತ್ತಾ ಬಂದು ಬಲಗೈಗೆ ತಾಗುವಲ್ಲಿ ನಿಲ್ಲಿಸಿ ಬೆರಳು ಮುಚ್ಚಬೇಕು. ಎಡಗೈಯವನೊಬ್ಬ ಫೋರ್‌ಹ್ಯಾಂಡಿಗೆ ಹಿಡಿಯುವ ಈಸ್ಟರ್ನ್ ಗ್ರಿಪ್ ಇದೇ. ಈಗ ಎಡ ಅಂಗೈ ಎತ್ತ ಮುಖ ಮಾಡಿದೆಯೋ ರ‍್ಯಾಕೆಟ್ಟಿನ ಮುಖವೂ ಅತ್ತಲೇ ಇರುತ್ತದೆ. ಚೆಂಡನ್ನು ಅಂಗೈಯಿಂದ ತಳ್ಳುವ ಭಾವನೆ ಬರುವುದು ಇಲ್ಲಿಂದಲೇ. ಬುಡದ ಕೈಯನ್ನು ಫೋರ್‌ಹ್ಯಾಂಡಿನ ಹಿಡಿತದಲ್ಲೇ ಬಿಟ್ಟುಕೊಂಡವರಿಗೆ ಬಲ ಮಣಿಕಟ್ಟು ಅಸಹಜವಾಗಿ ಮಡಚಿಕೊಳ್ಳುತ್ತದೆ, ದೂರದ ಚೆಂಡಿಗೆ ಒಂದು ಕೈ ಬಿಟ್ಟು ಸ್ಲೈಸ್ ಮಾಡಲೂ ಆಗುವುದಿಲ್ಲ. ಡೆಲ್ ಪೊಟ್ರೊ ಎಡಗೈ ಬಿಟ್ಟೊಡನೆ ಸ್ಲೈಸ್ ಮಾಡಲು ಸಾಧ್ಯವಾದದ್ದು ಬುಡದ ಕೈ ಅದಕ್ಕೆ ತಕ್ಕ ಹಿಡಿತದಲ್ಲಿದ್ದುದರಿಂದ.

ಈಗ ಎರಡು ಕೈಗಳ ನಡುವಿನ ಕೆಲಸದ ಹಂಚಿಕೆಗೆ ಬರೋಣ. ಬೆಳಗಿನ ಜಾವ ನಮ್ಮ ಬೀದಿಗಳನ್ನು ಉದ್ದ ಕೋಲಿನ ಕಡ್ಡಿಪೊರಕೆಯಿಂದ ಗುಡಿಸುವ ಪೌರಕಾರ್ಮಿಕರನ್ನು ಗಮನಿಸಿ. ಕೋಲಿನ ತುದಿ ಹಿಡಿದ ಕೈ ಹೆಚ್ಚು ಓಡಾಡುವುದಿಲ್ಲ. ಅದು ಬಾಗಿಲಿನ ತಿರುಗಣಿಯಂತೆ ಒಂದೆಡೆ ನಿಂತು, ಗುಡಿಸುವ ಕ್ಷಣದಲ್ಲಿ ಕೋಲನ್ನು ತುಸು ತನ್ನತ್ತ ಎಳೆದುಕೊಳ್ಳುತ್ತದೆ. ಪೊರಕೆಯ ಕಡ್ಡಿಗಳಿಗೆ ಹತ್ತಿರವಿರುವ ಕೈ ಮುಂದಕ್ಕೆ ತಳ್ಳುತ್ತದೆ. ಒಂದು ಎಳೆತ, ಒಂದು ತಳ್ಳು, ಎರಡೂ ಸೇರಿ ಪೊರಕೆಯ ತುದಿ ರಭಸವಾಗಿ ಬೀಸುತ್ತದೆ. ರ‍್ಯಾಕೆಟ್ಟೂ ಹಾಗೆಯೇ. ಅದರ ಉದ್ದ ಸಾಮಾನ್ಯವಾಗಿ 27 ಅಂಗುಲ. ಎರಡು ಕೈಗಳು ಅದರ ಕೆಳಗಿನ ಒಂದು ಸಣ್ಣ ಭಾಗವನ್ನಷ್ಟೇ ಹಿಡಿದಿರುತ್ತವೆ. ಅಷ್ಟು ಚಿಕ್ಕ ಜಾಗದಲ್ಲಿ ಬುಡದ ಕೈ ನಿಧಾನವಾಗಿ, ಮೇಲಿನ ಕೈ ಮುಂದುವರಿದರೆ, ತಂತಿಗಳಿರುವ ತುದಿ ಹಲವು ಪಟ್ಟು ದೂರ ಸುತ್ತಿ ಬರುತ್ತದೆ.

ಆದ್ದರಿಂದ ಹೊಡೆತದ ಒಳಗೇ ಮುಂದಾಳುತನ ಕೈ ಬದಲಾಯಿಸುತ್ತದೆ ಎನ್ನುವುದು ನನ್ನ ತಿಳಿವಳಿಕೆ. ರ‍್ಯಾಕೆಟ್ ಹಿಂದಿನಿಂದ ಹೊರಟಾಗ ಅದರ ಬುಡ ಚೆಂಡಿನತ್ತ ಮುಖ ಮಾಡಿರುತ್ತದೆ. ಆ ಮೊದಲ ಭಾಗದಲ್ಲಿ ದೇಹ ತಿರುಗುತ್ತಾ ಬುಡವನ್ನು ಎಳೆದುಕೊಂಡು ಬರುತ್ತದೆ, ಬಲಗೈ ಅದಕ್ಕೆ ಹಗ್ಗದಂತೆ. ಬುಡ ಹೊಟ್ಟೆಯ ಮುಂದೆ ಬರುತ್ತಿದ್ದಂತೆ ಬಲಗೈಯ ಓಟ ತಗ್ಗುತ್ತದೆ, ಎಡಗೈ ರ‍್ಯಾಕೆಟ್ಟಿನ ತಲೆಯನ್ನು ಸುತ್ತಿ ತಂದು ಚೆಂಡಿಗೆ ಕೊಡುತ್ತದೆ. ಚೆಂಡು ತಂತಿಯ ಮೇಲೆ ಇರುವುದು ಸುಮಾರು 5 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು. ಆ ಅವಧಿಯಲ್ಲಿ ಯಾವ ಕೈಯೂ ಏನನ್ನೂ ತಿದ್ದಲಾರದು. ಮುಖ ಎತ್ತ ತಿರುಗಿದೆ, ತಲೆ ಕೆಳಗಿನಿಂದ ಮೇಲಕ್ಕೆ ಏರುತ್ತಿದೆಯೇ ಇಲ್ಲವೇ, ಇದೆಲ್ಲ ಅದಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು. ಆ ತೀರ್ಮಾನ ಮಾಡುವುದು ಮೇಲಿನ ಕೈ. ಬಲಗೈ ಆಟಗಾರನ ಎರಡು ಕೈಯ ಬ್ಯಾಕ್‌ಹ್ಯಾಂಡ್ ಎಂದರೆ ಬಲಗೈ ಜೊತೆ ಕೊಟ್ಟಿರುವ ಎಡಗೈ ಫೋರ್‌ಹ್ಯಾಂಡ್ ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ.

ಎಲ್ಲರದ್ದೂ ಒಂದೇ ಪಾಲು ಎಂದು ಮಾತ್ರ ತಿಳಿಯಬೇಡಿ. ಸ್ವೀಡನ್‌ನ ಬ್ಯೋನ್ ಬೋರ್ಗ್ ಚೆಂಡು ಹೊಡೆದ ಮರುಕ್ಷಣ ಎಡಗೈಯನ್ನು ಬಿಟ್ಟುಬಿಡುತ್ತಿದ್ದರು. ಅವರ ಹೊಡೆತದಲ್ಲಿ ಬಲಗೈಯ ಪಾಲು ಹೆಚ್ಚಿತ್ತು. ಬಾಲ್ಯದಲ್ಲಿ ಆಡಿದ ಐಸ್ ಹಾಕಿಯ ಕೋಲಿನ ಬೀಸು ಅವರ ಬ್ಯಾಕ್‌ಹ್ಯಾಂಡಿನಲ್ಲಿ ಉಳಿದುಕೊಂಡಿತ್ತೆಂದು ಆಗ ನೋಡಿದವರೆಲ್ಲ ಹೇಳುತ್ತಾರೆ. ಅದೇ ಕಾಲದ ಕ್ರಿಸ್ ಎವರ್ಟ್ ಅವರದ್ದು ಬೇರೆ ಕಥೆ. ಪುಟ್ಟ ಹುಡುಗಿಯಾಗಿದ್ದಾಗ ಒಂದು ಕೈಯಲ್ಲಿ ರ‍್ಯಾಕೆಟ್ ಎತ್ತಿ ಬೀಸುವ ಶಕ್ತಿ ಸಾಲದೆ ಎರಡು ಕೈ ಹಿಡಿದವರು ಅವರು. ತರಬೇತುದಾರರಾಗಿದ್ದ ತಂದೆ ಜಿಮ್ಮಿ ಎವರ್ಟ್, ಮಗಳು ಬೆಳೆದ ಮೇಲೆ ಒಂದು ಕೈಗೆ ಬದಲಾಗಲಿ ಎಂದೇ ಬಯಸಿದ್ದರು. ಮಗಳು ಬದಲಾಗಲಿಲ್ಲ, ಹೊಡೆತದ ಕೊನೆಯವರೆಗೂ ಎರಡೂ ಕೈ ಬಿಡಲಿಲ್ಲ. ಇನ್ನು ನಡಾಲ್ ಎಡಗೈಯಲ್ಲಿ ಆಡುತ್ತಿದ್ದರು, ಆದರೆ ಬರೆಯುವುದು ಬಲಗೈಯಲ್ಲಿ. ಅವರ ಬ್ಯಾಕ್‌ಹ್ಯಾಂಡಿನಲ್ಲಿ ಮೇಲಿನ ಕೈ ಆಗುತ್ತಿದ್ದುದು ಹುಟ್ಟಿನಿಂದ ಚುರುಕಾದ ಬಲಗೈಯೇ. ಅವರ ಅಡ್ಡ ಅಂಗಳದ ಬ್ಯಾಕ್‌ಹ್ಯಾಂಡಿನ ರಭಸಕ್ಕೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಆದರೆ ಕೈಗಳ ಮಾತು ಇಷ್ಟಾದ ಮೇಲೂ ಈ ಹೊಡೆತದ ಅರ್ಧವನ್ನು ನಾವು ಇನ್ನೂ ಮುಟ್ಟಿಲ್ಲ. ಕೈಗಳಿಗೆ ವೇಗ ಬರುವುದು ಎಲ್ಲಿಂದ?

ಎರಡೂ ಕೈಯನ್ನು ಒಂದು ಹಿಡಿಕೆಗೆ ಕಟ್ಟಿದ ಮೇಲೆ ಏನಾಗುತ್ತದೆ ನೋಡಿ. ಎರಡು ಹೆಗಲು, ಎರಡು ತೋಳು, ಹಿಡಿಕೆ, ಇವು ಸೇರಿ ಒಂದು ಮುಚ್ಚಿದ ಚೌಕಟ್ಟಾಗುತ್ತದೆ. ಒಂದು ಕೈಯ ಬ್ಯಾಕ್‌ಹ್ಯಾಂಡಿನಲ್ಲಿ ಬಲಗೈ ಹೆಗಲಿನಿಂದ ಸ್ವತಂತ್ರವಾಗಿ ಚಾಚಿಕೊಳ್ಳಬಹುದು. ಚೆಂಡು ತಾಗುವಾಗಲೂ ಎದೆ ಪಕ್ಕಕ್ಕೇ ಮುಖ ಮಾಡಿರಬಹುದು. ಎರಡು ಕೈಯಲ್ಲಿ ಆ ಸ್ವಾತಂತ್ರ್ಯವಿಲ್ಲ. ರ‍್ಯಾಕೆಟ್ ಮುಂದೆ ಹೋಗಬೇಕಾದರೆ ಎಡ ಹೆಗಲೂ ಮುಂದೆ ಬರಬೇಕು, ಎಡ ಹೆಗಲು ಬರಬೇಕಾದರೆ ಎದೆ ತಿರುಗಬೇಕು, ಎದೆಯನ್ನು ತಿರುಗಿಸುವುದು ಅದರ ಕೆಳಗಿರುವ ಸೊಂಟ. ಕುಳಿತು ಪರೀಕ್ಷಿಸಿ: ಕುರ್ಚಿಯಲ್ಲಿ ಸೊಂಟವನ್ನು ಅಲ್ಲಾಡಿಸದೆ, ಎರಡು ಕೈ ಜೋಡಿಸಿ ಎಡದಿಂದ ಬಲಕ್ಕೆ ಬೀಸಿ. ಹೊಟ್ಟೆಯ ಮುಂದೆಯೇ ಬೀಸು ಸಿಕ್ಕಿಹಾಕಿಕೊಳ್ಳುತ್ತದೆ.

ಸೊಂಟ ಎಂದಾಗ ನಾನು ಬೆಲ್ಟು ಕಟ್ಟುವ ನಡುವನ್ನು ಹೇಳುತ್ತಿಲ್ಲ. ತೊಡೆಗಳು ಬಂದು ಸೇರುವ ಮೂಳೆಯ ಭಾಗ, ಹಳ್ಳಿಗಳಲ್ಲಿ ಚಪ್ಪೆ ಎನ್ನುವುದು, ಅದನ್ನು ಹೇಳುತ್ತಿದ್ದೇನೆ. ನಡುವನ್ನು ತಿರುಚಿ ಹೊಡೆಯಿರಿ ಎಂದು ಹೇಳಿಸಿಕೊಂಡ ಮಕ್ಕಳು ಬೆನ್ನು ನೋಯಿಸಿಕೊಳ್ಳುತ್ತಾರೆ. ತಿರುಗಬೇಕಾದದ್ದು ಮೊದಲು ತೊಡೆಕೀಲಿನಲ್ಲಿ.

ಬೇಸ್‌ಲೈನಿನ ಹಿಂದೆ ನಿಂತಿದ್ದೀರಿ, ಎದುರಾಳಿಯ ಸಾಧಾರಣ ವೇಗದ ಚೆಂಡು ನಿಮ್ಮ ಎಡಕ್ಕೆ ಬರುತ್ತಿದೆ ಎಂದುಕೊಳ್ಳಿ. ನಿಮಗಿರುವುದು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಮಯ. ಮೊದಲ ಚಲನೆ ಕೈಯದ್ದಲ್ಲ: ಎಡ ಪಾದ ಹೊರಕ್ಕೆ ತಿರುಗಿ ನೆಲಕ್ಕೆ ಊರುತ್ತದೆ, ಹೆಗಲುಗಳು ಎಡಕ್ಕೆ ಹೊರಳುತ್ತವೆ, ಅವುಗಳ ಜೊತೆಗೇ ರ‍್ಯಾಕೆಟ್ ಹಿಂದಕ್ಕೆ ಹೋಗುತ್ತದೆ. ಹೆಗಲು ಪೂರ್ತಿ ಹೊರಳಿದಾಗ ಗದ್ದ ಬಲ ಹೆಗಲಿನ ಮೇಲೆ ಬಂದಿರುತ್ತದೆ. ಎದುರಾಳಿಗೆ ನಿಮ್ಮ ಬಲ ಹೆಗಲಿನ ಹಿಂಬದಿ ಕಾಣಬೇಕು. ಸೊಂಟವೂ ತಿರುಗಿರುತ್ತದೆ, ಆದರೆ ಹೆಗಲಿಗಿಂತ ಕಡಿಮೆ. ಈ ವ್ಯತ್ಯಾಸ ಬಹಳ ಮುಖ್ಯ. ಹೆಗಲು ಹೆಚ್ಚು, ಸೊಂಟ ಕಡಿಮೆ ತಿರುಗಿದಾಗ ಪಕ್ಕೆಯ ಸ್ನಾಯುಗಳು ಒದ್ದೆ ಬಟ್ಟೆ ಹಿಂಡಿದಂತೆ ಬಿಗಿಯುತ್ತವೆ, ಆ ಬಿಗಿ ಮುಂದೆ ಬಿಡಿಸಿಕೊಳ್ಳುವಾಗ ಎದೆಯನ್ನು ಸೆಳೆದು ತರುತ್ತದೆ.

ಈಗ ದೇಹದ ಭಾರ ಎಡಗಾಲಿನ ಮೇಲಿದೆ, ಎಡ ಮಂಡಿ ಬಾಗಿದೆ. ಚೆಂಡು ಪುಟಿಯುತ್ತಿದ್ದಂತೆ ಬಲಗಾಲನ್ನು ಮುಂದಿಡುತ್ತೀರಿ, ನೆಟ್‌ನತ್ತ ತುಸು ಓರೆಯಾಗಿ. ಬಲ ಪಾದ ಊರಿದ ಮೇಲೆ ಎಡ ಪಾದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ಎಡ ಚಪ್ಪೆ ಮುಂದಕ್ಕೆ ಬರತೊಡಗುತ್ತದೆ. ಬಲಗಾಲು ಆಗ ಊರಿದ ಗೂಟದಂತೆ ತಡೆದು ನಿಲ್ಲುತ್ತದೆ. ಇಡೀ ದೇಹ ಮುಂದೆ ಸಾಗುವುದನ್ನು ಅದು ತಡೆಯುವುದರಿಂದಲೇ ಆ ಓಟ ತಿರುಗುವಿಕೆಯಾಗಿ ಬದಲಾಗುತ್ತದೆ, ಸೊಂಟ ಬಲ ತೊಡೆಕೀಲಿನ ಸುತ್ತ ಬಾಗಿಲಿನಂತೆ ತೆರೆದುಕೊಳ್ಳುತ್ತದೆ. ಸೊಂಟ ಹೊರಟಾಗ ರ‍್ಯಾಕೆಟ್ ಇನ್ನೂ ಹಿಂದೆಯೇ ಇದ್ದು, ಅದರ ತಲೆ ಚೆಂಡಿನ ಮಟ್ಟಕ್ಕಿಂತ ಕೆಳಗೆ ಇಳಿಯುತ್ತದೆ. ಎಡ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ. ಅದನ್ನು ನೀವು ಬಾಗಿಸಬೇಕಿಲ್ಲ. ಸೊಂಟದ ಹಿಂದೆ ಎದೆ, ಎದೆಯ ಹಿಂದೆ ತೋಳು, ತೋಳಿನ ಹಿಂದೆ ರ‍್ಯಾಕೆಟ್ಟಿನ ತಲೆ, ಪ್ರತಿಯೊಂದೂ ತನ್ನ ಮುಂದಿನದು ನಿಧಾನವಾಗುತ್ತಿದ್ದಂತೆ ವೇಗ ಪಡೆದುಕೊಳ್ಳುತ್ತದೆ.

ಚೆಂಡು ತಾಗುವ ಜಾಗ ಬಲ ತೊಡೆಗಿಂತ ಸುಮಾರು ಒಂದು ಗೇಣು ಮುಂದೆ, ಸೊಂಟದ ಎತ್ತರದ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಒಂದು ಕೈಯವರು ಇನ್ನಷ್ಟು ಮುಂದೆ ತಾಗಿಸಬೇಕಾಗುತ್ತದೆ. ಎರಡು ಕೈಯವರಿಗೆ ಸ್ವಲ್ಪ ತಡವಾದರೂ ನಡೆಯುತ್ತದೆ, ವೇಗದ ಸರ್ವಿಸ್ ಹಿಂದಿರುಗಿಸಲು ಈ ಹೊಡೆತ ಹೆಚ್ಚು ಅನುಕೂಲವಾಗಿರುವುದಕ್ಕೆ ಇದೂ ಒಂದು ಕಾರಣ. ತಾಗುವ ಹೊತ್ತಿಗೆ ಹೊಕ್ಕುಳು ಪಕ್ಕದಿಂದ ನೆಟ್‌ನ ಕಡೆಗೆ ಅರ್ಧಕ್ಕಿಂತ ಹೆಚ್ಚು ತಿರುಗಿರುತ್ತದೆ, ಪೂರ್ತಿಯಾಗಿ ತಿರುಗುವುದು ಆಮೇಲೆ. ಹೊಡೆತ ಮುಗಿದಾಗ ರ‍್ಯಾಕೆಟ್ ಬಲ ಹೆಗಲಿನ ಮೇಲೆ, ಎಡ ಮೊಣಕೈ ನೆಟ್‌ನತ್ತ, ಹೊಕ್ಕುಳೂ ನೆಟ್‌ನತ್ತ, ಎಡ ಹಿಮ್ಮಡಿ ನೆಲದಿಂದ ಎದ್ದು ಬರಿಯ ಬೆರಳ ತುದಿ ಊರಿರುತ್ತದೆ.

ಈ ಎಡ ಹಿಮ್ಮಡಿಯನ್ನು ನೆನಪಿಟ್ಟುಕೊಳ್ಳಿ. ಒಬ್ಬ ಆಟಗಾರ ಸೊಂಟ ಬಳಸುತ್ತಿದ್ದಾನೆಯೇ ಇಲ್ಲವೇ ಎಂದು ತಿಳಿಯಲು ನಾನು ಮೊದಲು ನೋಡುವುದು ಅದನ್ನೇ. ಮುಂದೆ ಹೆಜ್ಜೆಯಿಟ್ಟು ಹೊಡೆದ ಮೇಲೂ ಹಿಮ್ಮಡಿ ನೆಲಕ್ಕಂಟಿದ್ದರೆ ಸೊಂಟ ಅರ್ಧದಲ್ಲೇ ನಿಂತಿದೆ.

ಈಗ ನಾನು ಹೇಳುತ್ತೇನೆಂದ ಉದಾಹರಣೆ. ಕೆಲವು ವರ್ಷಗಳ ಹಿಂದೆ ಹದಿಮೂರರ ಹುಡುಗನೊಬ್ಬ ನನ್ನ ಬಳಿ ಬಂದ. ಮೂರು ವರ್ಷ ಕ್ರಿಕೆಟ್ ಆಡಿದ್ದ. ಟೆನಿಸ್ ಆಡುವುದು, ಬರೆಯುವುದು, ಚೆಂಡೆಸೆಯುವುದು ಎಲ್ಲ ಬಲಗೈ, ಬ್ಯಾಟಿಂಗ್ ಮಾತ್ರ ಎಡಗೈ. ಸೌರವ್ ಗಂಗೂಲಿ ಅವರೂ ಹೀಗೆಯೇ, ಬಲಗೈಯವರು ಎಡಗೈಯಲ್ಲಿ ಬ್ಯಾಟ್ ಬೀಸಿದವರು. ಇಂಥ ಮಗು ಸಿಕ್ಕರೆ ಎರಡು ಕೈಯ ಬ್ಯಾಕ್‌ಹ್ಯಾಂಡ್ ಸುಲಭವಾಗಬೇಕು ಎಂದು ನಾನು ಭಾವಿಸಿದ್ದೆ, ಏಕೆಂದರೆ ಎಡಗೈ ಬ್ಯಾಟ್ಸ್‌ಮನ್ ಬ್ಯಾಟು ಹಿಡಿಯುವುದೂ ಬಲಗೈ ಆಟಗಾರ ಬ್ಯಾಕ್‌ಹ್ಯಾಂಡಿಗೆ ರ‍್ಯಾಕೆಟ್ ಹಿಡಿಯುವುದೂ ಒಂದೇ ಕ್ರಮದಲ್ಲಿ: ಹಿಡಿಕೆಯ ತುದಿಯಲ್ಲಿ ಬಲಗೈ, ಒಳಗೆ ಎಡಗೈ, ಎದುರಾಳಿಯತ್ತ ಬಲ ಹೆಗಲು. ಆದರೂ ಅವನ ಬ್ಯಾಕ್‌ಹ್ಯಾಂಡ್ ಗಾಳಿಯಲ್ಲಿ ತೇಲಿ, ಎದುರಿನ ಸರ್ವಿಸ್ ಗೆರೆಯೊಳಗೇ ಮೆತ್ತಗೆ ಬೀಳುತ್ತಿತ್ತು.

ಫೋನಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡಿದಾಗ ಮೂರು ಸಂಗತಿಗಳು ಕಂಡವು. ಬಲ ಮೊಣಕೈ ಎಲ್ಲಕ್ಕಿಂತ ಮುಂದೆ, ಎತ್ತರಕ್ಕೆ ಎದ್ದು ಬರುತ್ತಿತ್ತು. ಎಡಗೈಯ ಬೆರಳುಗಳು ಚೆಂಡು ತಾಗುವ ಮುಂಚೆಯೇ ಸಡಿಲವಾಗುತ್ತಿದ್ದವು. ಎಡ ಹಿಮ್ಮಡಿ ನೆಲ ಬಿಡುತ್ತಲೇ ಇರಲಿಲ್ಲ. ಅವನು ಮಾಡುತ್ತಿದ್ದದ್ದು ಕ್ರಿಕೆಟ್‌ನ ಡ್ರೈವ್! ನೇರ ಡ್ರೈವ್ ಹೊಡೆಯುವಾಗ ತುದಿಯ ಕೈಯೇ ಮುಂದಾಳು, ಮುಂದಿನ ಮೊಣಕೈ ಎತ್ತರದಲ್ಲಿರಬೇಕು, ಬ್ಲೇಡಿಗೆ ಹತ್ತಿರದ ಕೈ ಹಗುರವಾಗಿರಬೇಕು ಎಂದು ಅವನಿಗೆ ಮೂರು ವರ್ಷ ಸರಿಯಾಗಿಯೇ ಕಲಿಸಿದ್ದರು. ಆ ಕಲಿಕೆಯನ್ನು ಅವನು ಹಾಗೆಯೇ ಟೆನಿಸ್‌ಗೆ ಹೊತ್ತು ತಂದಿದ್ದ. ಮುಂದಿನ ಮೊಣಕೈ ಎದ್ದಾಗ ರ‍್ಯಾಕೆಟ್ಟಿನ ಮುಖ ಆಕಾಶಕ್ಕೆ ತೆರೆಯುತ್ತಿತ್ತು, ಚೆಂಡು ತೇಲುತ್ತಿತ್ತು.

ಮೊದಲ ಎರಡು ವಾರ ಅವನಿಂದ ಬಲಗೈಯನ್ನೇ ತೆಗೆಸಿದೆ. ಸರ್ವಿಸ್ ಗೆರೆಯ ಬಳಿ ನಿಂತು, ಎಡಗೈಯಲ್ಲಿ ರ‍್ಯಾಕೆಟ್ಟನ್ನು ಹಿಡಿಕೆಯ ಮೇಲ್ಭಾಗದಲ್ಲಿ ಹಿಡಿದು, ನಾನು ಕೈಯಿಂದ ಎಸೆದ ಚೆಂಡುಗಳನ್ನು ಬರಿಯ ಎಡಗೈ ಫೋರ್‌ಹ್ಯಾಂಡಾಗಿ ನೆಟ್ ದಾಟಿಸಬೇಕು, ದಿನಕ್ಕೆ ಮೂವತ್ತು ಚೆಂಡು. ಎಡಗೈಯಲ್ಲಿ ಬ್ಯಾಟ್ ಮಾಡುವವನಾದರೂ ಅವನ ಎಡಗೈ ನಿಜವಾಗಿ ಎಷ್ಟು ಅಶಕ್ತವಾಗಿತ್ತೆಂದು ಇಬ್ಬರಿಗೂ ಅಲ್ಲಿ ತಿಳಿಯಿತು. ಮೂರನೆಯ ವಾರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳನ್ನು ಮಾತ್ರ ಹಿಡಿಕೆಗೆ ಸುತ್ತಿಸಿದೆ. ಎರಡು ಬೆರಳಿಗೆ ಎಳೆದು ತರುವ ಶಕ್ತಿಯಿಲ್ಲ, ಹಿಡಿದಿಡುವ ಶಕ್ತಿ ಮಾತ್ರ ಇದೆ; ಆಗ ತಿರುಗಣಿಯ ಕೆಲಸವೇನೆಂದು ಕೈಗೇ ಗೊತ್ತಾಗುತ್ತದೆ. ಅದೇ ವಾರ ಅವನಿಗೆ ಒಂದು ಮಾತು ಹೇಳಿದೆ: "ಡ್ರೈವ್ ಬೇಡಪ್ಪ, ಪುಲ್ ಶಾಟ್ ಹೊಡಿ." ಪುಲ್‌ನಲ್ಲಿ ಬ್ಲೇಡಿಗೆ ಹತ್ತಿರದ ಕೈಯೇ ಬಲವಾಗಿ ಸುತ್ತಿ ಬರುತ್ತದೆ, ಸೊಂಟ ತೆರೆಯುತ್ತದೆ, ಚೆಂಡು ದೇಹದ ಎಡದಿಂದ ಬಲಕ್ಕೆ ಹೋಗುತ್ತದೆ. ಎರಡು ವಾರ ನಾನು ವಿವರಿಸಿದ್ದು ಆ ಒಂದು ಮಾತಿನಿಂದ ಅವನ ಮೈಗೆ ಇಳಿಯಿತು.

ಸೊಂಟಕ್ಕಾಗಿ ರ‍್ಯಾಕೆಟ್ಟನ್ನೇ ಬದಿಗಿಟ್ಟೆವು. 2 ಕೆಜಿಯ ಮೆಡಿಸಿನ್ ಬಾಲ್ ಹಿಡಿದು, ಬ್ಯಾಕ್‌ಹ್ಯಾಂಡಿನ ನಿಲುವಿನಲ್ಲಿ ನಿಂತು, ಎರಡು ಕೈಯಿಂದ ನನ್ನತ್ತ ಎಸೆಯುವುದು. ಅಷ್ಟು ಭಾರವನ್ನು ಬರಿಯ ತೋಳಿನಿಂದ ದೂರ ಎಸೆಯಲು ಹದಿಮೂರರ ಹುಡುಗನಿಗೆ ಆಗುವುದಿಲ್ಲ. ಎಡಗಾಲು ಒತ್ತಲೇಬೇಕು, ಬಲಗಾಲು ತಡೆಯಲೇಬೇಕು. ಎಂಟು ಎಸೆತ, ಕೂಡಲೇ ರ‍್ಯಾಕೆಟ್ ಹಿಡಿದು ಎಂಟು ಹೊಡೆತ, ಹೀಗೆ ಮೂರು ಸರದಿ. ಪ್ರತಿ ಹೊಡೆತದ ನಂತರ ಹಾಗೆಯೇ ನಿಂತು ಹಿಮ್ಮಡಿ ಎದ್ದಿದೆಯೇ ಎಂದು ಅವನೇ ಬಗ್ಗಿ ನೋಡಿಕೊಳ್ಳಬೇಕು. ಆರನೆಯ ವಾರದ ಹೊತ್ತಿಗೆ ಚೆಂಡು ಸರ್ವಿಸ್ ಗೆರೆ ದಾಟಿ ಆಳಕ್ಕೆ ಬೀಳತೊಡಗಿತು.

ಅಲ್ಲಿಗೆ ಮುಗಿಯಲಿಲ್ಲ. ಸೊಂಟದ ರುಚಿ ಹತ್ತಿದ ಹುಡುಗ ಅದನ್ನು ಅತಿ ಮಾಡತೊಡಗಿದ. ಚೆಂಡು ಬರುವ ಮೊದಲೇ ಸೊಂಟ, ಎದೆ, ತಲೆ ಎಲ್ಲ ಒಟ್ಟಿಗೆ ತೆರೆದುಕೊಂಡು, ಚೆಂಡು ಬಲಗಡೆಯ ಗೆರೆಯಾಚೆ ಹೋಗುತ್ತಿತ್ತು. ಚೆಂಡು ಎತ್ತ ತಪ್ಪುತ್ತದೆ ಎಂಬುದನ್ನು ನೋಡಿದರೆ ತಪ್ಪು ಎಲ್ಲಿದೆಯೆಂದು ಬಹುಪಾಲು ತಿಳಿಯುತ್ತದೆ. ಮತ್ತೆ ಮತ್ತೆ ಎಡಕ್ಕೆ ತಪ್ಪುತ್ತಿದ್ದರೆ ರ‍್ಯಾಕೆಟ್ ತಡವಾಗಿ ಬರುತ್ತಿದೆ. ಸೊಂಟ ನಿಂತುಬಿಟ್ಟಿರಬಹುದು, ಇಲ್ಲವೇ ಬಲಗಾಲನ್ನು ಅತಿಯಾಗಿ ಅಡ್ಡಕ್ಕೆ ಇಟ್ಟು ಸೊಂಟದ ದಾರಿಯನ್ನು ತಾನೇ ಮುಚ್ಚಿಕೊಂಡಿರಬಹುದು. ಈ ಎರಡನೆಯ ತಪ್ಪು ವಯಸ್ಕರಲ್ಲಿ ತುಂಬ ಸಾಮಾನ್ಯ. "ಪಕ್ಕಕ್ಕೆ ತಿರುಗಿ ನಿಲ್ಲಿ" ಎಂಬ ಸಲಹೆಯನ್ನು ಅತಿಯಾಗಿ ಪಾಲಿಸಿದವರಿಗೆ ಬರುತ್ತದೆ. ಬಲಕ್ಕೆ ತಪ್ಪುತ್ತಿದ್ದರೆ ಎದೆ ಬೇಗ ತೆರೆಯುತ್ತಿದೆ. ಹುಡುಗನಿಗೆ ನಾನು ಸೊಂಟವನ್ನು ತಡೆಯಲು ಹೇಳಲಿಲ್ಲ. ಗದ್ದವನ್ನು ಬಲ ಹೆಗಲಿನ ಮೇಲೇ ಇಟ್ಟು, ಚೆಂಡು ತಾಗಿದ ಜಾಗವನ್ನು ಒಂದು ಗಳಿಗೆ ನೋಡುತ್ತಿರಲು ಹೇಳಿದೆ. ತಲೆ ತಡೆದರೆ ಎದೆ ತುಸು ತಡವಾಗುತ್ತದೆ, ಸೊಂಟ ಮುಂದಾಗುತ್ತದೆ. ಸೊಂಟ ಮೊದಲು, ಹೆಗಲು ಆಮೇಲೆ ಎಂಬ ಕ್ರಮ ಉಳಿಯುವುದು ಹೀಗೆ.

ಮೇಲಿನ ಕೈಗೆ ಕೆಲಸ ಹೆಚ್ಚಿಸಿದ ಮೇಲೆ ಅದರ ಆರೋಗ್ಯವನ್ನೂ ನೋಡಬೇಕು. ಟೆನಿಸ್ ಎಲ್ಬೋ ಎಂದು ಎಲ್ಲರಿಗೂ ಗೊತ್ತಿರುವ ಮೊಣಕೈ ನೋವು ಒಂದು ಕೈಯ ಬ್ಯಾಕ್‌ಹ್ಯಾಂಡಿನ ಜೊತೆಗೆ ಹೆಚ್ಚು ನಂಟುಳ್ಳದ್ದು. ಎರಡು ಕೈಯವರು ಎಚ್ಚರದಿಂದಿರಬೇಕಾದದ್ದು ಎಡ ಮಣಿಕಟ್ಟಿನ ಕಿರುಬೆರಳಿನ ಬದಿಯಲ್ಲಿ. ಸೊಂಟ ನಿಂತು, ಕೊರತೆಯನ್ನು ಮಣಿಕಟ್ಟಿನ ಚಟಕ್ಕನೆಯ ಹೊರಳಿಕೆಯಿಂದ ತುಂಬಿಕೊಳ್ಳುವವರಿಗೆ ಅಲ್ಲಿ ನೋವು ಬರುವುದನ್ನು ನಾನು ಕಂಡಿದ್ದೇನೆ. ಹೊಡೆದ ಮರುದಿನವೂ ಅಲ್ಲಿ ನೋವು ಉಳಿದಿದ್ದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಪಟ್ಟಿ ಸುತ್ತಿಕೊಂಡು ಮುಂದುವರಿಸಬಾರದು.

ಹೆಜ್ಜೆ ಮುಂದಿಡಲು ಸಮಯವೇ ಸಿಗದ ಚೆಂಡುಗಳ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಎಡಕ್ಕೆ ಅಗಲವಾಗಿ ಬಂದ ಚೆಂಡಿಗೆ ಜೊಕೊವಿಚ್ ಎಡಗಾಲಿನ ಮೇಲೆ ಜಾರಿಕೊಂಡು ಹೋಗಿ, ಬಲಗಾಲನ್ನು ಮುಂದೆ ತರದೆ ತೆರೆದ ನಿಲುವಿನಲ್ಲೇ ಹೊಡೆಯುವುದನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿ ಸೊಂಟ ಕೆಲಸ ಮಾಡುತ್ತಿಲ್ಲವೆಂದಲ್ಲ. ಎಡ ತೊಡೆಕೀಲೇ ಅಲ್ಲಿ ಭಾರ ಹೊರುತ್ತದೆ, ಸೊಂಟ ಅದರ ಸುತ್ತಲೇ ತಿರುಗುತ್ತದೆ, ಮುಂದಿನ ಕಾಲಿನ ತಡೆ ಇರುವುದಿಲ್ಲ. ಅದಕ್ಕೆ ಎಡಗಾಲಿನಲ್ಲಿ ಬಹಳ ಬಲ ಬೇಕು, ಹೆಗಲು ಇನ್ನೂ ಹೆಚ್ಚು ಹೊರಳಿರಬೇಕು. ಹದಿನಾಲ್ಕು ದಾಟದ ಮಕ್ಕಳಿಗೆ ನಾನು ಅದನ್ನು ಮೊದಲ ಪಾಠವಾಗಿ ಕೊಡುವುದಿಲ್ಲ.

ಅದಕ್ಕಿಂತಲೂ ದೂರದ ಚೆಂಡಿಗೆ ಎರಡು ಕೈ ತಲುಪುವುದೇ ಇಲ್ಲ, ಮುಚ್ಚಿದ ಚೌಕಟ್ಟಿನ ಬೆಲೆ ಅದು. ಪಾದದ ಬಳಿ ತಗ್ಗಿ ಬಂದ ಚೆಂಡು, ನೆಟ್ ಬಳಿ ದೇಹದಿಂದ ದೂರ ಬಂದ ವಾಲಿ, ಇಲ್ಲೂ ಒಂದೇ ಕೈ ಬೇಕಾಗುತ್ತದೆ. ನಮ್ಮ ಕೊಡಗಿನ ರೋಹನ್ ಬೋಪಣ್ಣ ಒಂದು ಕೈಯ ಬ್ಯಾಕ್‌ಹ್ಯಾಂಡಿನಿಂದಲೇ 2024ರಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಬೆಂಗಳೂರಿನಲ್ಲಿ ನೆಲೆಸಿ ಆಡಿದ ಮಹೇಶ್ ಭೂಪತಿ ಅವರದ್ದು ಎರಡು ಕೈ. ಸರ್ವಿಸ್ ಹಿಂದಿರುಗಿಸುವಾಗ ಅದೇ ಅವರ ದೊಡ್ಡ ಅಸ್ತ್ರವಾಗಿತ್ತು. ಎರಡು ಕೈಯಲ್ಲಿ ಆಡುವವರಿಗೂ ಬುಡದ ಕೈಯ ಕಾಂಟಿನೆಂಟಲ್ ಹಿಡಿತವನ್ನು ಮೊದಲ ದಿನದಿಂದಲೇ ಕಲಿಸುವುದು ಇದೇ ಕಾರಣಕ್ಕೆ: ಚೆಂಡು ಕೈಗೆಟುಕದೆ ಹೋದಾಗ ಎಡಗೈ ಬಿಟ್ಟರೆ ಸಾಕು, ಬಲಗೈ ಆಗಲೇ ಸ್ಲೈಸ್‌ಗೆ ಸಿದ್ಧವಾಗಿರುತ್ತದೆ.